ರಿಸ್ಕ್ ಸರ್ವೇ ಶಿಫಾರಸುಗಳಿಗೆ ಉತ್ತರ: ತಾರೀಖು ಬರೆಯುವ ಮುನ್ನ ಹಾಕಬೇಕಾದ ಲೆಕ್ಕ

ಪ್ರಶ್ನೆ: ನಮ್ಮದು ಪ್ಲಾಸ್ಟಿಕ್ ಡಬ್ಬಿ ತಯಾರಿಸುವ ಕಾರ್ಖಾನೆ. ಬೆಂಕಿ ವಿಮೆಯ ಅಂಡರ್‌ರೈಟರ್, ಅಂದರೆ ವಿಮಾ ಕಂಪನಿಯಲ್ಲಿ ಅಪಾಯ ತೂಗಿ ಪಾಲಿಸಿಯ ಷರತ್ತು ನಿರ್ಧರಿಸುವವರು, ಕಳಿಸಿದ ಸರ್ವೇಯರ್ ಐದು ಶಿಫಾರಸು ಬರೆದಿದ್ದಾರೆ: ಹಾಟ್ ವರ್ಕ್ ಪರ್ಮಿಟ್, ಫೈರ್ ಪಂಪಿನ ಫ್ಲೋ ಟೆಸ್ಟ್, ಎಲೆಕ್ಟ್ರಿಕಲ್ ಪ್ಯಾನಲ್‌ಗಳ ಥರ್ಮೋಗ್ರಫಿ, ಗೋದಾಮಿನ ಸ್ಪ್ರಿಂಕ್ಲರ್ ಸುಧಾರಣೆ, ಥರ್ಮಾಕೋಲ್ ತುಂಬಿದ ಪ್ಯಾನಲ್ ಗೋಡೆಗಳನ್ನು ಬದಲಾಯಿಸುವುದು. ಪ್ರತಿಯೊಂದನ್ನೂ ಯಾವಾಗ ಮುಗಿಸುತ್ತೀರಿ ಎಂದು ಬರೆದುಕೊಡಿ ಎಂದಿದ್ದಾರೆ. ಕೊನೆಯದು ನಮ್ಮಿಂದ ಆಗುವ ಮಾತಲ್ಲ. ಎಲ್ಲಕ್ಕೂ ‘3 ತಿಂಗಳು’ ಎಂದು ಬರೆದು ಕಳಿಸಬಹುದೇ?

ಉತ್ತರ:

ಹಾಗೆ ಕಳಿಸಬೇಡಿ. ಪರ್ಮಿಟ್ ಪುಸ್ತಕ ಜಾರಿಗೆ ತರಲು ಒಂದು ವಾರ ಸಾಕು. ಸ್ಪ್ರಿಂಕ್ಲರ್ ಕೆಲಸ ಆರು ತಿಂಗಳಿಗೂ ಕಷ್ಟ. ಎರಡರ ಮುಂದೂ ಒಂದೇ ತಾರೀಖು ಕಂಡರೆ, ಪಟ್ಟಿಯನ್ನು ಕೈಯಲ್ಲಿ ಹಿಡಿದು ಸ್ಥಳಕ್ಕೆ ಯಾರೂ ಹೋಗಿಲ್ಲ ಎಂಬುದು ಅಂಡರ್‌ರೈಟರ್‌ಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನೀವು ಬರೆದ ತಾರೀಖನ್ನು ಅವರು ಪಾಲಿಸಿಗೆ ಷರತ್ತಾಗಿ ಸೇರಿಸಬಹುದು. ಆಮೇಲೆ ಅದು ನಿಮ್ಮ ಅಂದಾಜಾಗಿ ಉಳಿಯುವುದಿಲ್ಲ, ಒಪ್ಪಂದದ ಭಾಗವಾಗುತ್ತದೆ.

ಆದ್ದರಿಂದ ಉತ್ತರ ಬರೆಯುವ ಮುನ್ನ ಬ್ರೋಕರ್ ಮೂಲಕ ಒಂದು ಮಾತು ಬರಹದಲ್ಲೇ ಕೇಳಿ ತಿಳಿದುಕೊಳ್ಳಿ: ಈ ಐದರಲ್ಲಿ ಪಾಲಿಸಿಯ ಷರತ್ತು ಯಾವುದು, ಬರೀ ಸಲಹೆ ಯಾವುದು? ಸರ್ವೇಯರ್ ವರದಿಯಲ್ಲಿ ‘ತುರ್ತು’, ‘ಮುಖ್ಯ’ ಎಂದೆಲ್ಲ ಗುರುತು ಹಾಕಿರುತ್ತಾರೆ. ಅದು ಅಪಾಯದ ಅಳತೆ ಅಷ್ಟೆ. ಷರತ್ತು ಹಾಕುವವರು ಅಂಡರ್‌ರೈಟರ್. ಷರತ್ತಾದ ಶಿಫಾರಸಿನ ತಾರೀಖು ತಪ್ಪಿದರೆ ಏನಾಗುತ್ತದೆ ಎಂಬುದು ಪಾಲಿಸಿಯ ಪದಗಳನ್ನು ಮತ್ತು ಆಯಾ ದೇಶದ ವಿಮಾ ಕಾನೂನನ್ನು ಅವಲಂಬಿಸಿದೆ. ಡಿಡಕ್ಟಿಬಲ್, ಅಂದರೆ ನಷ್ಟದಲ್ಲಿ ನೀವೇ ಭರಿಸಬೇಕಾದ ಪಾಲು, ಏರುವುದರಿಂದ ಹಿಡಿದು ಕ್ಲೇಮ್‌ಗೆ ತಕರಾರು ಬರುವವರೆಗೆ ಏನೂ ಆಗಬಹುದು. ಸಲಹೆಯ ತಾರೀಖು ತಪ್ಪಿದರೆ ಮುಂದಿನ ನವೀಕರಣದಲ್ಲಿ ಪ್ರಶ್ನೆ ಬರುತ್ತದೆ.

ಪ್ರತಿ ಶಿಫಾರಸಿಗೂ ನಿಮ್ಮ ಉತ್ತರದಲ್ಲಿ ನಾಲ್ಕು ಸಂಗತಿ ಇರಲಿ: ಒಪ್ಪಿದ್ದೀರೋ ಇಲ್ಲವೋ, ಯಾರ ಜವಾಬ್ದಾರಿ, ಯಾವ ತಾರೀಖು, ಅಲ್ಲಿಯವರೆಗೆ ಏನು ವ್ಯವಸ್ಥೆ. ಬಹಳಷ್ಟು ಉತ್ತರಗಳಲ್ಲಿ ಬಿಟ್ಟುಹೋಗುವುದು ನಾಲ್ಕನೆಯದು. ಅಂಡರ್‌ರೈಟರ್ ಮೊದಲು ಹುಡುಕುವುದೂ ಅದನ್ನೇ, ಏಕೆಂದರೆ ಕೆಲಸ ಮುಗಿಯುವವರೆಗಿನ ಅಪಾಯವನ್ನು ಹೊತ್ತಿರುವವರು ಅವರು. ವರದಿಯ ಕ್ರಮಸಂಖ್ಯೆಗಳನ್ನು ಹಾಗೆಯೇ ಉಳಿಸಿಕೊಳ್ಳಿ, ಶಿಫಾರಸುಗಳನ್ನು ಕೂಡಿಸಲೂ ಬೇಡಿ, ಒಡೆಯಲೂ ಬೇಡಿ. ಮುಂದಿನ ವರ್ಷ ಬರುವವರು ಬೇರೆ ಸರ್ವೇಯರ್ ಆಗಿದ್ದರೂ ಅದೇ ಸಂಖ್ಯೆ ಹಿಡಿದು ಕೇಳುತ್ತಾರೆ.

ಇನ್ನು ನಿಮ್ಮ ಐದಕ್ಕೆ ಬರೋಣ. ಉತ್ತರ ಹೊರಡುವ ದಿನ ಜೂನ್ 10 ಎಂದಿಟ್ಟುಕೊಂಡು ಲೆಕ್ಕ ಹಾಕುತ್ತೇನೆ.

ಹಾಟ್ ವರ್ಕ್ ಪರ್ಮಿಟ್‌ಗೆ ಮುಂದಿನ ತಾರೀಖು ಕೇಳಲೇಬೇಡಿ, ಉತ್ತರ ಕಳಿಸುವುದರೊಳಗೆ ಮುಗಿಸಿ. ವೆಲ್ಡಿಂಗ್, ಗ್ಯಾಸ್ ಕಟಿಂಗ್, ಗ್ರೈಂಡಿಂಗ್ ಎಲ್ಲಕ್ಕೂ, ಹೊರಗಿನ ಗುತ್ತಿಗೆದಾರರಿಗೂ ಅದು ಅನ್ವಯಿಸಬೇಕು. ಕೆಲಸದ ಜಾಗದ ಸುತ್ತ 11 ಮೀಟರ್‌ವರೆಗೆ ಉರಿಯುವ ವಸ್ತು ತೆಗೆದಿರಬೇಕು, ತೆಗೆಯಲಾಗದ್ದನ್ನು ಬೆಂಕಿ ತಡೆಯುವ ಹೊದಿಕೆಯಿಂದ ಮುಚ್ಚಿರಬೇಕು. ಕೆಲಸ ಮುಗಿದ ಮೇಲೆ ಕನಿಷ್ಠ 60 ನಿಮಿಷ ಒಬ್ಬರು ಅಲ್ಲೇ ಕಾವಲಿರಬೇಕು. ಕಿಡಿ ಬಿದ್ದ ಕಡೆ ಹೊಗೆಯಾಡುತ್ತಿದ್ದು ಎಲ್ಲರೂ ಹೋದ ಮೇಲೆ ಹೊತ್ತಿಕೊಳ್ಳುವ ಬೆಂಕಿಗಾಗಿಯೇ ಈ ಕಾವಲು. ಉತ್ತರದ ಜೊತೆ ಖಾಲಿ ಫಾರಂ ಕಳಿಸಿದರೆ ಪ್ರಯೋಜನವಿಲ್ಲ. ತುಂಬಿದ ಎರಡು ಮೂರು ಪರ್ಮಿಟ್‌ಗಳ ಪ್ರತಿ ಕಳಿಸಿ. ಕಾವಲು ಮುಗಿದ ವೇಳೆ ಮತ್ತು ಸಹಿ ಅದರಲ್ಲಿ ಕಾಣಬೇಕು. ವೆಲ್ಡಿಂಗ್ ಮುಗಿದ ಹೊತ್ತು, ಕಾವಲು ಮುಗಿದ ಹೊತ್ತು ಎರಡೂ ಒಂದೇ ಆಗಿದ್ದರೆ ಫಾರಂ ಆಫೀಸಿನಲ್ಲಿ ಕೂತು ತುಂಬಿದ್ದು ಎಂಬುದು ಓದಿದವರಿಗೆ ಕೂಡಲೇ ತಿಳಿಯುತ್ತದೆ.

ಪಂಪಿನ ಫ್ಲೋ ಟೆಸ್ಟ್ ಸುಲಭದ ಕೆಲಸದಂತೆ ಕಾಣುತ್ತದೆ, ಎಷ್ಟೋ ಜನ ಕಣ್ಣುಮುಚ್ಚಿ ‘15 ದಿನ’ ಎಂದು ಬರೆದುಬಿಡುತ್ತಾರೆ. ಬರೆಯುವ ಮುನ್ನ ಪಂಪ್ ಹೌಸಿಗೆ ಹೋಗಿ ಒಂದನ್ನು ನೋಡಿ: ನೀರನ್ನು ಪೂರ್ತಿ ಹರಿಸಿ ಅಳೆಯಲು ಟೆಸ್ಟ್ ಲೈನ್ ಮತ್ತು ಫ್ಲೋ ಮೀಟರ್, ಅಥವಾ ಹೋಸ್ ಜೋಡಿಸುವ ಟೆಸ್ಟ್ ಹೆಡರ್ ಇದೆಯೇ? ಇಲ್ಲದಿದ್ದರೆ ಇದು ಟೆಸ್ಟ್ ಆಗಿ ಉಳಿಯದೆ ಪೈಪ್ ಕೆಲಸವಾಗುತ್ತದೆ, ತಾರೀಖೂ ಬದಲಾಗುತ್ತದೆ. ವಾರಕ್ಕೊಮ್ಮೆ ಪಂಪ್ ಚಾಲು ಮಾಡಿ ಗೇಜ್ ನೋಡುತ್ತೇವೆ ಎಂಬ ಉತ್ತರ ಸಾಲದು. ವಾಲ್ವ್ ಮುಚ್ಚಿದ ಸ್ಥಿತಿಯಲ್ಲಿ ಸವೆದ ಪಂಪ್ ಕೂಡ ಒಳ್ಳೆಯ ಒತ್ತಡವನ್ನೇ ತೋರಿಸಬಹುದು. ಇಂಪೆಲ್ಲರ್ ಸವೆದಿರುವುದು, ಹೀರುವ ಪೈಪಿನಲ್ಲಿ ಕಸ ಕಟ್ಟಿರುವುದು, ಯಾವುದೋ ವಾಲ್ವ್ ಅರ್ಧ ಮುಚ್ಚಿರುವುದು ಬೆಳಕಿಗೆ ಬರುವುದು ನೀರು ಹರಿದಾಗ.

ಪರೀಕ್ಷೆಯಲ್ಲಿ ಮೂರು ಬಿಂದು ಅಳೆಯಬೇಕು. ನಿಮ್ಮ ಪಂಪಿನ ಫಲಕದಲ್ಲಿ ನಿಮಿಷಕ್ಕೆ 3,400 ಲೀಟರ್, 7 ಬಾರ್ ಎಂದಿದೆ ಎಂದುಕೊಳ್ಳಿ. ಹರಿವೇ ಇಲ್ಲದಾಗ ಒತ್ತಡ 9.8 ಬಾರ್ ದಾಟಬಾರದು, ಅಂದರೆ ಫಲಕದ ಒತ್ತಡದ ಶೇಕಡಾ 140. 3,400 ಲೀಟರ್ ಹರಿಯುವಾಗ 7 ಬಾರ್‌ನ ಹತ್ತಿರ ಇರಬೇಕು. ಒಂದೂವರೆ ಪಟ್ಟು ಹರಿವು, ಅಂದರೆ 5,100 ಲೀಟರ್ ಇರುವಾಗ ಕನಿಷ್ಠ 4.55 ಬಾರ್ ಸಿಗಬೇಕು, ಅದು ಶೇಕಡಾ 65. ಟೆಸ್ಟ್ ಲೈನ್ ಇದ್ದರೆ ಜೂನ್ 20 ಎಂದು ಬರೆಯಿರಿ, ಅದರ ಜೊತೆಗೇ ‘ಫಲಿತಾಂಶ ಕಡಿಮೆ ಬಂದರೆ ದುರಸ್ತಿಯ ತಾರೀಖನ್ನು 7 ದಿನದೊಳಗೆ ತಿಳಿಸುತ್ತೇವೆ’ ಎಂಬ ಸಾಲು ಸೇರಿಸಿ. ಇನ್ನೂ ಪರೀಕ್ಷೆಯನ್ನೇ ಮಾಡದ ಪಂಪಿಗೆ ದುರಸ್ತಿಯ ತಾರೀಖು ಕೊಡಲು ಬರುವುದಿಲ್ಲ.

ಥರ್ಮೋಗ್ರಫಿಗೆ ಎರಡು ತಾರೀಖು ಬೇಕು: ಶಾಖ ತೋರಿಸುವ ಕ್ಯಾಮೆರಾ ಹಿಡಿದು ನೋಡುವ ದಿನ ಒಂದು, ಸಿಕ್ಕ ದೋಷ ಸರಿಪಡಿಸುವ ದಿನ ಇನ್ನೊಂದು. ನೋಡುವ ದಿನ ಯಂತ್ರಗಳು ಎಂದಿನ ಲೋಡ್‌ನಲ್ಲಿ ನಡೆಯುತ್ತಿರಬೇಕು. ಸಡಿಲವಾದ ಜೋಡಣೆಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಆದ್ದರಿಂದ ಅರ್ಧ ಲೋಡ್‌ನಲ್ಲಿ ನೋಡಿದರೆ ಕಾಲು ಭಾಗದ ಶಾಖ ಮಾತ್ರ ಕಾಣುತ್ತದೆ. ರಜಾದಿನ ನೋಡಿ ಇಟ್ಟುಕೊಂಡ ಪರೀಕ್ಷೆಯಲ್ಲಿ ‘ಎಲ್ಲ ಸರಿ’ ಎಂಬ ವರದಿ ಬರುವುದು ಇದೇ ಕಾರಣಕ್ಕೆ. ದುರಸ್ತಿಗೆ ಪ್ಯಾನಲ್ ಬಂದ್ ಮಾಡಬೇಕಾಗುವುದರಿಂದ ಎರಡನೆಯ ತಾರೀಖನ್ನು ನಿಮ್ಮ ಮುಂದಿನ ಮೆಂಟೆನೆನ್ಸ್ ಶಟ್‌ಡೌನ್‌ಗೆ ಕಟ್ಟಿಹಾಕಿ. ತುರ್ತು ಎಂದು ಬಂದದ್ದನ್ನು ಮಾತ್ರ ಶಟ್‌ಡೌನ್ ಕಾಯದೆ ಸರಿಪಡಿಸುತ್ತೇವೆ ಎಂದು ಬರೆಯಿರಿ. ಸರಿಪಡಿಸಿದ ಜೋಡಣೆಯನ್ನು ಲೋಡ್‌ನಲ್ಲಿ ಮತ್ತೊಮ್ಮೆ ಕ್ಯಾಮೆರಾದಲ್ಲಿ ನೋಡಿದ ಚಿತ್ರವೇ ಕೆಲಸ ಮುಗಿದದ್ದಕ್ಕೆ ಸಾಕ್ಷಿ.

ಈಗ ನಿಜವಾಗಿ ಸಮಯ ಕೇಳುವ ಸ್ಪ್ರಿಂಕ್ಲರ್ ವಿಷಯ. ಇಂಥ ಶಿಫಾರಸು ಸಾಮಾನ್ಯವಾಗಿ ಬರುವುದು ಗೋದಾಮು ಕಟ್ಟಿದಾಗಿನ ಸರಕು ಬೇರೆ, ಈಗಿನ ಸರಕು ಬೇರೆ ಆಗಿರುವಾಗ. ರಟ್ಟಿನ ಪೆಟ್ಟಿಗೆಗೆಂದು ವಿನ್ಯಾಸ ಮಾಡಿದ ಸ್ಪ್ರಿಂಕ್ಲರ್ ಕೆಳಗೆ ಈಗ ಪ್ಲಾಸ್ಟಿಕ್ ಡಬ್ಬಿಗಳು ಎತ್ತರಕ್ಕೆ ಪೇರಿಸಿವೆ. ಪ್ಲಾಸ್ಟಿಕ್ ಬೆಂಕಿಯ ಶಾಖ ಬಹಳ ಹೆಚ್ಚು, ಏರುವ ವೇಗವೂ ಹೆಚ್ಚು. ವಿನ್ಯಾಸದಲ್ಲಿ ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚು ಸ್ಪ್ರಿಂಕ್ಲರ್ ತಲೆಗಳು ತೆರೆದುಕೊಳ್ಳುತ್ತವೆ, ಇರುವ ನೀರು ಎಲ್ಲಕ್ಕೂ ಹಂಚಿಹೋಗಿ ಎಲ್ಲಿಯೂ ಸಾಲದಾಗುತ್ತದೆ.

ಅಂಕಿಯಲ್ಲಿ ನೋಡಿ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ನೀರು ಎಂದರೆ 1 ಲೀಟರ್. ಹಳೆಯ ವಿನ್ಯಾಸ 260 ಚದರ ಮೀಟರ್ ಮೇಲೆ ನಿಮಿಷಕ್ಕೆ 12 ಮಿ.ಮೀ. ನೀರು ಎಂದಿದ್ದರೆ ಬೇಕಾದದ್ದು ನಿಮಿಷಕ್ಕೆ 3,120 ಲೀಟರ್. ಹೊಸ ಸರಕಿಗೆ 230 ಚದರ ಮೀಟರ್ ಮೇಲೆ 24 ಮಿ.ಮೀ. ಬೇಕೆಂದು ವಿನ್ಯಾಸಕರು ಹೇಳಿದರೆ 5,520 ಲೀಟರ್ ಆಗುತ್ತದೆ, ಹೈಡ್ರಂಟ್ ಹೋಸ್‌ಗಳಿಗೆ ಬೇಕಾದದ್ದು ಬೇರೆ. ಮೇಲೆ ಹೇಳಿದ ಪಂಪ್ ಒಂದೂವರೆ ಪಟ್ಟು ಹರಿಸಿದರೂ 5,100ಕ್ಕೆ ನಿಲ್ಲುತ್ತದೆ. ಅಂದರೆ ಛಾವಣಿಯ ತಲೆಗಳನ್ನಷ್ಟೇ ಬದಲಾಯಿಸಿದರೆ ಕೆಲಸ ಆಗುವುದಿಲ್ಲ, ಪಂಪ್ ಮತ್ತು ಟ್ಯಾಂಕ್ ಕೂಡ ದೊಡ್ಡದಾಗಬೇಕು. ಇಲ್ಲವೇ ರ‍್ಯಾಕ್‌ಗಳ ಒಳಗೇ ಸ್ಪ್ರಿಂಕ್ಲರ್ ಸಾಲು ಹಾಕಿ ಛಾವಣಿಯಿಂದ ಬೇಕಾಗುವ ನೀರನ್ನು ಇಳಿಸಬೇಕು. ಮೂರನೆಯ ದಾರಿ, ಪೇರಿಸುವ ಎತ್ತರವನ್ನೇ ಶಾಶ್ವತವಾಗಿ ಕಡಿಮೆ ಮಾಡುವುದು. ಮೂರಕ್ಕೂ ಖರ್ಚು ಬೇರೆ, ಕಾಲ ಬೇರೆ. ಹೈಡ್ರಾಲಿಕ್ ಲೆಕ್ಕ ಬಾರದೆ ಯಾವುದು ಎಂದು ಹೇಳಲಾಗದು, ಆ ಲೆಕ್ಕಕ್ಕೆ ಪಂಪಿನ ನಿಜವಾದ ಸಾಮರ್ಥ್ಯ ಬೇಕು. ಹಾಗಾಗಿ ಎರಡನೆಯ ಶಿಫಾರಸಿನ ತಾರೀಖು ನಾಲ್ಕನೆಯದಕ್ಕಿಂತ ಮೊದಲೇ ಬೀಳಬೇಕು. ಎಷ್ಟೋ ಉತ್ತರಗಳಲ್ಲಿ ಪಂಪ್ ಟೆಸ್ಟ್ ಸೆಪ್ಟೆಂಬರ್‌ಗೆ, ಸ್ಪ್ರಿಂಕ್ಲರ್ ವಿನ್ಯಾಸ ಜುಲೈಗೆ ಎಂದಿರುತ್ತದೆ. ಅಂಥ ಪಟ್ಟಿ ತನ್ನನ್ನು ತಾನೇ ಸುಳ್ಳು ಮಾಡಿಕೊಳ್ಳುತ್ತದೆ.

ರ‍್ಯಾಕ್ ಒಳಗಿನ ಸ್ಪ್ರಿಂಕ್ಲರ್ ದಾರಿ ಹಿಡಿದಿರಿ ಎಂದುಕೊಂಡು ಜೂನ್ 10ರಿಂದ ಹೆಜ್ಜೆ ಎಣಿಸೋಣ. ಪಂಪ್ ಟೆಸ್ಟ್ ಸೇರಿ ಹೈಡ್ರಾಲಿಕ್ ಲೆಕ್ಕಕ್ಕೆ 3 ವಾರ, ಜುಲೈ 1. ಡ್ರಾಯಿಂಗ್‌ಗೆ 2 ವಾರ, ಜುಲೈ 15. ಆ ಡ್ರಾಯಿಂಗನ್ನು ವಿಮಾ ಕಂಪನಿಯ ಎಂಜಿನಿಯರ್ ನೋಡಿ ಒಪ್ಪಲು 3 ವಾರ, ಆಗಸ್ಟ್ 5. ಕೊಟೇಶನ್, ಹಣದ ಮಂಜೂರಾತಿ, ಆರ್ಡರ್‌ಗೆ 4 ವಾರ, ಸೆಪ್ಟೆಂಬರ್ 2. ಪೈಪು ಮತ್ತು ತಲೆಗಳು ಬರಲು 8 ವಾರ, ಅಕ್ಟೋಬರ್ 28. ಅಳವಡಿಕೆಗೆ 4 ವಾರ, ನವೆಂಬರ್ 25. ಪರೀಕ್ಷೆಗೆ 1 ವಾರ, ಡಿಸೆಂಬರ್ 2. ಒಟ್ಟು 25 ವಾರ. ಗೋದಾಮು ನಡೆಯುತ್ತಿರುವಾಗಲೇ ರ‍್ಯಾಕ್ ಖಾಲಿ ಮಾಡಿಕೊಡಬೇಕಾದ ಕೆಲಸವಿದು, ಒಂದೆರಡು ಕಡೆ ತಡವಾಗಿಯೇ ಆಗುತ್ತದೆ. 3 ವಾರ ಸೇರಿಸಿ ಡಿಸೆಂಬರ್ 23 ಎಂದು ಬರೆಯಿರಿ. ವಾರಗಳ ಸಂಖ್ಯೆ ನಿಮ್ಮಲ್ಲಿ ಬೇರೆ ಇರಬಹುದು, ಆದರೆ ಪ್ರತಿ ಹೆಜ್ಜೆಯ ಅವಧಿಯನ್ನೂ ಆಯಾ ಕೆಲಸ ಮಾಡುವವರಿಂದಲೇ ಕೇಳಿ ಬರೆದುಕೊಳ್ಳಿ.

ಉತ್ತರದಲ್ಲಿ ಕೊನೆಯ ತಾರೀಖಿನ ಜೊತೆ ಮಧ್ಯದ ಮೂರನ್ನಾದರೂ ಕೊಡಿ: ಲೆಕ್ಕ ಮುಗಿಯುವುದು, ಆರ್ಡರ್ ಹೋಗುವುದು, ಅಳವಡಿಕೆ ಮುಗಿಯುವುದು. ಇವುಗಳಲ್ಲಿ ಅಂಡರ್‌ರೈಟರ್ ನಿಜವಾಗಿ ಕಾಯುವುದು ಆರ್ಡರ್‌ನ ತಾರೀಖನ್ನು. ಅಲ್ಲಿಯವರೆಗೆ ಎಲ್ಲವೂ ಮಾತು, ಆರ್ಡರ್ ಪ್ರತಿ ಕೈಗೆ ಬಂದ ಮೇಲೆ ನಿಮ್ಮ ಹಣ ಅದರಲ್ಲಿ ಕೂತಿದೆ ಎಂದು ಅವರಿಗೆ ಖಾತ್ರಿ. ನವೀಕರಣ ಸೆಪ್ಟೆಂಬರ್ ಕೊನೆಗೆ ಇದ್ದರೆ, ಅಷ್ಟರಲ್ಲಿ ಆರ್ಡರ್ ಹೋಗಿರುವಂತೆ ಯೋಜಿಸುವುದು ಡಿಸೆಂಬರ್ ತಾರೀಖನ್ನು ನವೆಂಬರ್‌ಗೆ ಎಳೆಯುವುದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ನಿಮ್ಮ ಕೈಯಲ್ಲಿಲ್ಲದ ಹೆಜ್ಜೆಯನ್ನೂ ಹೆಸರಿಸಿ: ‘ಡ್ರಾಯಿಂಗ್‌ಗೆ ನಿಮ್ಮ ಒಪ್ಪಿಗೆ ಆಗಸ್ಟ್ 5ರೊಳಗೆ ಸಿಕ್ಕಿದರೆ’ ಎಂದು ಬರೆಯುವುದರಲ್ಲಿ ತಪ್ಪೇನೂ ಇಲ್ಲ. ಆ ಒಪ್ಪಿಗೆಯ ಹೆಜ್ಜೆಯನ್ನು ಮಾತ್ರ ಬಿಡಬೇಡಿ. ಅಳವಡಿಸಿದ ಮೇಲೆ ‘ಇದು ನಾವು ಕೇಳಿದ್ದಲ್ಲ’ ಎಂದರೆ ಪೈಪ್ ಬಿಚ್ಚಿಸಬೇಕಾದೀತು.

‘ಪೂರ್ಣ’ ಎಂದರೆ ಏನು ಎಂಬುದನ್ನೂ ಉತ್ತರದಲ್ಲೇ ಹೇಳಿಬಿಡಿ. ಹೊಸ ಪೈಪ್‌ಗಳನ್ನು 13.8 ಬಾರ್‌ನಲ್ಲಿ 2 ಗಂಟೆ ನೀರು ತುಂಬಿ ಪರೀಕ್ಷಿಸಿ, ಅಲಾರಂ ಬಾರಿಸಿ ನೋಡಿ, ಗುತ್ತಿಗೆದಾರರು ಸರ್ಟಿಫಿಕೇಟ್ ಕೊಟ್ಟ ದಿನವೇ ಪೂರ್ಣ. ಸಾಮಾನು ಬಂದ ದಿನವೋ ಬಿಲ್ ಪಾಸಾದ ದಿನವೋ ಅಲ್ಲ. ಹೊಸ ಪೈಪನ್ನು ಹಳೆಯದಕ್ಕೆ ಸೇರಿಸುವಾಗ ಕೆಲವು ಗಂಟೆ ಸ್ಪ್ರಿಂಕ್ಲರ್ ಬಂದ್ ಆಗಿರುತ್ತದೆ. ಅದನ್ನು ಮುಂಚಿತವಾಗಿ ವಿಮಾ ಕಂಪನಿಗೆ ತಿಳಿಸುತ್ತೇವೆ, ಆ ಹೊತ್ತಿನಲ್ಲಿ ಹಾಟ್ ವರ್ಕ್ ನಿಲ್ಲಿಸಿ ಗೋದಾಮಿಗೆ ಕಾವಲು ಹಾಕುತ್ತೇವೆ, ರಾತ್ರಿಗೆ ಮುಂಚೆ ವಾಲ್ವ್ ತೆರೆಯುತ್ತೇವೆ ಎಂದು ಸೇರಿಸಿ. ಎಷ್ಟೋ ಪಾಲಿಸಿಗಳಲ್ಲಿ ಹೀಗೆ ತಿಳಿಸುವುದು ಷರತ್ತೇ ಆಗಿರುತ್ತದೆ.

ಡಿಸೆಂಬರ್‌ವರೆಗಿನ ಮಧ್ಯಂತರ ವ್ಯವಸ್ಥೆ ಹೇಗಿರಬೇಕು? ‘ಹೆಚ್ಚಿನ ಎಚ್ಚರ ವಹಿಸಲಾಗುವುದು’ ಎಂಬ ಸಾಲಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಈಗಿರುವ ಸ್ಪ್ರಿಂಕ್ಲರ್ ಎಷ್ಟು ಎತ್ತರದ ಪ್ಲಾಸ್ಟಿಕ್ ಸರಕನ್ನು ತಡೆಯಬಲ್ಲದು ಎಂದು ವಿನ್ಯಾಸಕರನ್ನು ಕೇಳಿ, ಆ ಎತ್ತರಕ್ಕೆ ಕಂಬಗಳ ಮೇಲೆ ಕೆಂಪು ಗೆರೆ ಎಳೆಸಿ, ಅದರ ಮೇಲಿನ ರ‍್ಯಾಕ್ ಬೀಮ್‌ಗಳನ್ನು ಬಿಚ್ಚಿಡಿ. ಗೆರೆಯೊಂದೇ ಇದ್ದರೆ ಸರಕು ಹೆಚ್ಚು ಬಂದ ವಾರ ಅದನ್ನು ಯಾರೂ ಪಾಲಿಸುವುದಿಲ್ಲ. ಬೀಮ್ ಇಲ್ಲದಿದ್ದರೆ ಇಡಲು ಜಾಗವೇ ಇರುವುದಿಲ್ಲ. ಜೂನ್ 17ರೊಳಗೆ ಇದನ್ನು ಮಾಡಿ ಫೋಟೋ ಕಳಿಸುತ್ತೇವೆ ಎಂದರೆ ಆರು ತಿಂಗಳ ಕಾಲಾವಕಾಶ ಕೇಳಲು ನಿಮಗೊಂದು ಗಟ್ಟಿ ಆಧಾರ ಸಿಕ್ಕಂತೆ.

ಐದನೆಯದು ಆಗದು ಎನ್ನುತ್ತೀರಿ. ಆಗದು ಎಂದೇ ಬರೆಯಿರಿ. ‘ಪರಿಶೀಲನೆಯಲ್ಲಿದೆ’ ಎಂದು ಮೂರು ವರ್ಷ ಬರೆಯುತ್ತ ಹೋಗುವುದು ನೇರ ನಿರಾಕರಣೆಗಿಂತ ಕೆಟ್ಟದ್ದು, ಏಕೆಂದರೆ ಅಂಡರ್‌ರೈಟರ್ ನಿಮ್ಮ ಉಳಿದ ತಾರೀಖುಗಳನ್ನೂ ನಂಬುವುದನ್ನು ಬಿಡುತ್ತಾರೆ. ಆದರೆ ನಿರಾಕರಣೆಯ ಜೊತೆ ಕಾರಣವೂ ಪರ್ಯಾಯವೂ ಬೇಕು. ಅವರ ಭಯ ಏನೆಂದು ಮೊದಲು ಅರ್ಥಮಾಡಿಕೊಳ್ಳಿ. ಎರಡು ತಗಡುಗಳ ನಡುವಿನ ಥರ್ಮಾಕೋಲ್ ಶಾಖಕ್ಕೆ ಕರಗಿ ಒಳಗೊಳಗೇ ಉರಿಯುತ್ತ ಹೋಗುತ್ತದೆ. ತಗಡಿನ ಒಳಗಿನ ಬೆಂಕಿಗೆ ಸ್ಪ್ರಿಂಕ್ಲರ್ ನೀರು ತಾಗುವುದಿಲ್ಲ. ತಿರುಳು ಹೋದ ಮೇಲೆ ತಗಡು ಕಳಚಿ ಬೀಳುತ್ತದೆ ಎಂಬ ಕಾರಣಕ್ಕೆ ಅಗ್ನಿಶಾಮಕರು ಒಳಗೆ ಹೋಗಲು ಹಿಂಜರಿಯುತ್ತಾರೆ. ಅಂದರೆ ಬೆಂಕಿ ತಿರುಳಿಗೆ ತಲುಪದಂತೆ ನೋಡಿಕೊಳ್ಳುವುದೇ ಪರ್ಯಾಯದ ತಿರುಳಾಗಬೇಕು. ಉತ್ತರ ಹೀಗಿರಬಹುದು:

‘ಶಿಫಾರಸು 5: ಒಪ್ಪಲಾಗಿಲ್ಲ. ಗೋಡೆಗಳನ್ನು ಬದಲಾಯಿಸಲು ಉತ್ಪಾದನೆಯನ್ನು ದೀರ್ಘಕಾಲ ನಿಲ್ಲಿಸಬೇಕಾಗುತ್ತದೆ. ಅದರ ಬದಲು: ಪ್ಯಾನಲ್ ಗೋಡೆಗಳ ಮೇಲೆ ಮತ್ತು ಸಮೀಪದಲ್ಲಿ ಹಾಟ್ ವರ್ಕ್ ನಿಷೇಧ, ಜೂನ್ 10ರಿಂದ ಜಾರಿಯಲ್ಲಿದೆ. ಹೊರಗೋಡೆಯಿಂದ 10 ಮೀಟರ್ ಒಳಗಿನ ಪ್ಯಾಲೆಟ್ ಮತ್ತು ಕಸದ ತೊಟ್ಟಿಗಳ ತೆರವು, ಜೂನ್ 24. ಫೋರ್ಕ್‌ಲಿಫ್ಟ್ ಚಾರ್ಜರ್‌ಗಳನ್ನು ಪ್ಯಾನಲ್ ಗೋಡೆಯಿಂದ ದೂರ ಸರಿಸುವುದು, ಜುಲೈ 22. ಕೇಬಲ್ ಹಾದುಹೋಗುವ ತೂತುಗಳಿಗೆ ಲೋಹದ ಕೊಳವೆ ಹಾಕಿ ಬೆಂಕಿ ತಡೆಯುವ ಸೀಲಂಟ್‌ನಿಂದ ಮುಚ್ಚುವುದು, ತಿರುಳು ಕಾಣುವಂತೆ ಹರಿದ ಕಡೆ ತಗಡಿನ ತೇಪೆ ಹಾಕುವುದು, ಆಗಸ್ಟ್ 19. ಇನ್ನು ಮುಂದೆ ಬದಲಾಯಿಸುವ ಅಥವಾ ಹೊಸದಾಗಿ ಹಾಕುವ ಪ್ಯಾನಲ್‌ಗಳಿಗೆ ಉರಿಯದ ಮಿನರಲ್ ವುಲ್ ತಿರುಳು ಮಾತ್ರ. ಹೊಣೆ: ಮೆಂಟೆನೆನ್ಸ್ ಮುಖ್ಯಸ್ಥರು.’

ಇದನ್ನು ಓದಿ ಅಂಡರ್‌ರೈಟರ್ ಒಪ್ಪಬಹುದು, ಡಿಡಕ್ಟಿಬಲ್ ಏರಿಸಬಹುದು, ತಮ್ಮ ಪಾಲನ್ನು ಕಡಿಮೆ ಮಾಡಲೂಬಹುದು. ಅದು ಅವರ ನಿರ್ಧಾರ. ಗೋಡೆ ಹಾಗೆಯೇ ಇದೆ ಎಂಬುದು ಅವರಿಗೆ ತಿಳಿದೇ ಪಾಲಿಸಿ ಮುಂದುವರಿದಿದೆ ಎಂಬ ದಾಖಲೆ ನಿಮ್ಮ ಬಳಿ ಉಳಿಯುತ್ತದೆ, ಕ್ಲೇಮ್ ಬಂದ ದಿನ ಅದರ ಬೆಲೆ ದೊಡ್ಡದು.

ವರದಿಯಲ್ಲಿ ಸಂಗತಿಯ ತಪ್ಪು ಇದ್ದರೆ, ಉದಾಹರಣೆಗೆ ಇರುವ ಹೈಡ್ರಂಟನ್ನು ಇಲ್ಲ ಎಂದು ಬರೆದಿದ್ದರೆ, ಫೋಟೋ ಇಟ್ಟು ಇದೇ ಉತ್ತರದಲ್ಲಿ ತಿದ್ದಿಸಿ. ಸಹಿ ಸೇಫ್ಟಿ ಆಫೀಸರದ್ದಷ್ಟೇ ಸಾಲದು. ಸ್ಪ್ರಿಂಕ್ಲರ್‌ಗೆ ಹಣ ಮಂಜೂರು ಮಾಡುವ ಅಧಿಕಾರ ಇರುವವರೂ ಹಾಕಬೇಕು, ಇಲ್ಲದಿದ್ದರೆ ಸೆಪ್ಟೆಂಬರ್ 2 ಎಂಬ ತಾರೀಖಿಗೆ ಬುಡವೇ ಇಲ್ಲ. ಒಂದಕ್ಕಿಂತ ಹೆಚ್ಚು ವಿಮಾ ಕಂಪನಿಗಳು ಪಾಲು ಹಂಚಿಕೊಂಡಿದ್ದರೆ ಉತ್ತರ ಎಲ್ಲರಿಗೂ ತಲುಪಿತೇ ಎಂದು ಬ್ರೋಕರ್‌ರಿಂದ ಬರಹದಲ್ಲಿ ಖಚಿತಪಡಿಸಿಕೊಳ್ಳಿ. ಮುಗಿಯದ ಕೆಲಸಕ್ಕೆ ‘ಮುಗಿದಿದೆ’ ಎಂದು ಮಾತ್ರ ಎಂದೂ ಬರೆಯಬೇಡಿ. ತಡವಾದದ್ದಕ್ಕೆ ಕಾಲಾವಕಾಶ ಸಿಗುತ್ತದೆ. ವಿಮಾ ಕಂಪನಿಗೆ ಕೊಟ್ಟ ಸುಳ್ಳು ಹೇಳಿಕೆ ಪಾಲಿಸಿಯನ್ನೇ ಅಲುಗಾಡಿಸಬಹುದು.

ತಾರೀಖು ತಪ್ಪುತ್ತದೆ ಎಂದು ಗೊತ್ತಾದ ವಾರವೇ ಪತ್ರ ಬರೆಯಿರಿ, ತಾರೀಖು ಕಳೆಯುವವರೆಗೆ ಕಾಯಬೇಡಿ. ಯಾವ ಹೆಜ್ಜೆ ಎಷ್ಟು ದಿನ ತಡವಾಯಿತು, ಹೊಸ ತಾರೀಖು ಯಾವುದು, ಕೆಂಪು ಗೆರೆಯ ವ್ಯವಸ್ಥೆ ಅಲ್ಲಿಯವರೆಗೆ ಮುಂದುವರಿಯುತ್ತದೆಯೇ ಎಂಬ ಮೂರು ಸಂಗತಿ ಅದರಲ್ಲಿದ್ದರೆ ಸಾಕು. ಆ ಶಿಫಾರಸು ಷರತ್ತಾಗಿದ್ದರೆ ಫೋನಿನಲ್ಲಿ ಸಿಕ್ಕ ‘ಆಗಲಿ ಬಿಡಿ’ ಎಂಬ ಮಾತನ್ನು ನೆಚ್ಚಿಕೊಂಡು ಕೂರಬೇಡಿ. ಹೊಸ ತಾರೀಖಿರುವ ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಸೇರಿಸುವ ತಿದ್ದುಪಡಿ ಪತ್ರ, ಅಥವಾ ಅಂಡರ್‌ರೈಟರ್‌ರ ಲಿಖಿತ ಒಪ್ಪಿಗೆ ಹಳೆಯ ತಾರೀಖು ಮುಗಿಯುವ ಮುನ್ನ ನಿಮ್ಮ ಫೈಲಿನಲ್ಲಿರಬೇಕು.